ಸುಳ್ಳು ಹೇಳದ ಡಬ್ಬ ಕಟ್ಟಲು ಹೋಗಿ

ಸಾಗರದಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕ, ಎಲ್ಲ ಅಂಗಡಿಗಳಲ್ಲೂ ಇರುವಂಥ ಒಂದು ಮಾತಾಡುವ ಡಬ್ಬ. ಗಿರಾಕಿ ಫೋನಿನಲ್ಲಿ ದುಡ್ಡು ಹಾಕಿದರೆ ಅದು ಕೂಗುತ್ತದೆ. ಒಂದು ದಿನ ಅಪ್ಪ ಸಕ್ಕರೆ ಕಟ್ಟುತ್ತಾ ಕೇಳಿದರು: "ಅಲ್ವೇ, ಇದು ಕೂಗೋದು ಬ್ಯಾಂಕಿನ ಮಾತೇ ಅಂತ ಇದಕ್ಕೆ ಹೇಗೆ ಗೊತ್ತು? ಬೇರೆ ಯಾರೋ ಹೇಳಿಕೊಟ್ಟರೂ ಕೂಗಲ್ವಾ?"

ನನಗೆ ಉತ್ತರದ ಹೆಸರು ಗೊತ್ತಿತ್ತು, ಡಿಜಿಟಲ್ ಸಹಿ. ಆದರೆ ಹೆಸರು ಹೇಳಿದರೆ ಅಪ್ಪ ಒಪ್ಪುವವರಲ್ಲ. ಸರಿ, ನಾನೇ ಒಂದು ಡಬ್ಬ ಮಾಡಿ ತೋರಿಸೋಣ ಅಂತ ಹೊರಟೆ. ನಾಲ್ಕು ವಾರಾಂತ್ಯ ಹಿಡಿಯಿತು. ಅದರ ಲೆಕ್ಕ ಇಲ್ಲಿದೆ. ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಯ ಡಬ್ಬದ ನಕಲಲ್ಲ, ಕಲಿಯುವುದಕ್ಕೆ ಮಾಡಿದ್ದು.

ಮೊದಲ ಶನಿವಾರ: ಯಾರು ಹೇಳಿದರೂ ಕೂಗುವ ಡಬ್ಬ

ಸಾಮಾನು ಎಲ್ಲ ಮನೆಯಲ್ಲೇ ಇತ್ತು. ರಾಸ್ಪ್‌ಬೆರಿ ಪೈ 3 ಅನ್ನುವ ಹಳೆಯ ಪುಟಾಣಿ ಕಂಪ್ಯೂಟರ್, ಒಂದು ಯುಎಸ್‌ಬಿ ಸ್ಪೀಕರ್, ಚಪ್ಪಲಿ ಡಬ್ಬಿ. ಕೂಗುವುದಕ್ಕೆ `espeak-ng`, ಬರೆದಿದ್ದನ್ನು ಓದಿ ಹೇಳುವ ತಂತ್ರಾಂಶ. ಅದರಲ್ಲಿ ಕನ್ನಡದ ದನಿಯೂ ಇದೆ, ಸ್ವಲ್ಪ ಮೂಗಿನಲ್ಲಿ ಮಾತಾಡುತ್ತೆ, ಅಷ್ಟೇ. ನನ್ನ ಲ್ಯಾಪ್‌ಟಾಪ್ ಬ್ಯಾಂಕು. ಮನೆಯ ವೈಫೈ ಮೇಲೆ ಲ್ಯಾಪ್‌ಟಾಪ್ ಒಂದು ಅಂಕೆ ಕಳಿಸಿದರೆ ಡಬ್ಬ ಅದನ್ನು ಓದಿ ಕೂಗಬೇಕು. ಮಧ್ಯಾಹ್ನದೊಳಗೆ "ಇನ್ನೂರ ಐವತ್ತು ರೂಪಾಯಿ ಬಂದಿದೆ" ಅಂತು.

ನನ್ನ ತಮ್ಮ ಬಿಸಿಎ ಓದುತ್ತಾನೆ. ಅವನು ಒಳಗಿನ ಕೋಣೆಯಿಂದ ತನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲು ಹೊಡೆದ.

```
echo "5000" | nc -u -w1 192.168.1.40 5005
```

ಡಬ್ಬ ಖುಷಿಯಿಂದ ಐದು ಸಾವಿರ ಅಂತು. ಅಪ್ಪ ನನ್ನ ಮುಖ ನೋಡಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು.

ಇಲ್ಲಿ ಬೇಕಾಗಿದ್ದು ಗುಟ್ಟು ಅಲ್ಲ. 250 ರೂಪಾಯಿ ಅನ್ನುವುದನ್ನು ಇಡೀ ಅಂಗಡಿ ಕೇಳಲಿ, ತೊಂದರೆ ಇಲ್ಲ. ಬೇಕಾಗಿದ್ದು ಮೊತ್ತದ ಜೊತೆಗೆ ಬರುವ ಇನ್ನೊಂದು ಸಂಖ್ಯೆ, ಅಂದರೆ ಸಹಿ. ಅದನ್ನು ಬ್ಯಾಂಕು ಮಾತ್ರ ತಯಾರಿಸಬಲ್ಲದು, ಆದರೆ ಯಾವ ಡಬ್ಬವಾದರೂ ಪರೀಕ್ಷಿಸಬಲ್ಲದು. ಪರೀಕ್ಷೆ ಮಾಡುವವನ ಹತ್ತಿರ ಬ್ಯಾಂಕಿನ ಗುಟ್ಟು ಇರಲೇಬಾರದು. ಯಾಕೆಂದರೆ ಡಬ್ಬವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಬಿಚ್ಚಬಹುದು. ಮಾಡುವುದು ಒಬ್ಬರಿಗೇ ಸಾಧ್ಯ, ನೋಡಿ ಒಪ್ಪುವುದು ಎಲ್ಲರಿಗೂ ಸಾಧ್ಯ. ಈ ಓರೆ ತಕ್ಕಡಿಯನ್ನು ಕೊಡುವುದು ಅವಿಭಾಜ್ಯ ಸಂಖ್ಯೆಗಳು.

ಭಾನುವಾರ: ಅಡಿಕೆ, ಮತ್ತು 83 × 101

ಅಪ್ಪನಿಗೆ ಅಡಿಕೆ ಇಟ್ಟು ತೋರಿಸಿದೆ. 12 ಅಡಿಕೆಯನ್ನು 3 ಸಾಲು ಮಾಡಿದರೆ ಸಾಲಿಗೆ 4. ಎರಡು ಸಾಲು ಮಾಡಿದರೆ ಸಾಲಿಗೆ 6. ಚೌಕಟ್ಟಾಗಿ ಕೂರುತ್ತದೆ. ಇನ್ನೊಂದು ಅಡಿಕೆ ಸೇರಿಸಿ 13 ಮಾಡಿ. ಈಗ ಎಷ್ಟು ಸಾಲು ಮಾಡಲು ಹೋದರೂ ಒಂದೆರಡು ಮಿಕ್ಕುತ್ತವೆ, ಇಲ್ಲ ಕಡಿಮೆ ಬೀಳುತ್ತವೆ. ಒಂದೇ ಉದ್ದ ಸಾಲು ಬಿಟ್ಟರೆ ಬೇರೆ ದಾರಿ ಇಲ್ಲ. ಹೀಗೆ ಒಂದೇ ಸಾಲಿಗೆ ಹಟ ಹಿಡಿಯುವ ಸಂಖ್ಯೆಯೇ ಅವಿಭಾಜ್ಯ. 1 ಮತ್ತು ಅದೇ ಸಂಖ್ಯೆ ಬಿಟ್ಟು ಇನ್ಯಾವುದರಿಂದಲೂ ಶೇಷ ಇಲ್ಲದೆ ಭಾಗ ಹೋಗಲ್ಲ. 2, 3, 5, 7, 11, 13 ಹೀಗೆ. 1 ಈ ಪಟ್ಟಿಯಲ್ಲಿಲ್ಲ.

ಸಹಿಗೆ ಬೇಕಾದ ಗುಣ ಇದಕ್ಕಿಂತ ಸ್ವಲ್ಪ ಒಳಗಿದೆ. 7 ಅವಿಭಾಜ್ಯ. 2ನ್ನು 6 ಸಲ ಗುಣಿಸಿ: 64. ಅದನ್ನು 7ರಿಂದ ಭಾಗಿಸಿದರೆ ಶೇಷ 1. ಈಗ 9 ತಗೊಳ್ಳಿ, ಅದು ಅವಿಭಾಜ್ಯ ಅಲ್ಲ. 2ನ್ನು 8 ಸಲ ಗುಣಿಸಿದರೆ 256, 9ರಿಂದ ಭಾಗಿಸಿದರೆ ಶೇಷ 4. ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದಕ್ಕಿಂತ ಒಂದು ಕಡಿಮೆ ಸಲ ಗುಣಿಸಿದರೆ ಚಕ್ರ ಸುತ್ತಿ 1ಕ್ಕೆ ವಾಪಸ್ ಬರುತ್ತದೆ. ಗುಣಿಸುವ ಸಂಖ್ಯೆ ಆ ಅವಿಭಾಜ್ಯದಿಂದ ಭಾಗ ಹೋಗುವಂಥದ್ದು ಆಗಿರಬಾರದು, ಅಷ್ಟೇ. ಫ್ರಾನ್ಸಿನ ಫರ್ಮಾ 1640ರಲ್ಲೇ ಇದನ್ನು ಬರೆದಿಟ್ಟಿದ್ದ. ಅದರ ಮೇಲೆ ಬೀಗ ಕಟ್ಟಿದ್ದು 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್. ಅವರ ಹೆಸರಿನ ಮೊದಲಕ್ಷರಗಳೇ ಆರ್‌ಎಸ್‌ಎ.

ನಾನು ಎರಡು ಸಣ್ಣ ಅವಿಭಾಜ್ಯ ಆರಿಸಿಕೊಂಡೆ: 79 ಮತ್ತು 101. ಮೊದಲ ಹೊಡೆತಕ್ಕೇ ಪೈಥಾನ್ ಬೈಯಿತು.

```
ValueError: base is not invertible for the given modulus
```

ಅರ್ಧ ಗಂಟೆ ತಲೆ ಕೆರೆದುಕೊಂಡೆ. ತಪ್ಪು ಸರಳವಾಗಿತ್ತು. ಪರೀಕ್ಷೆಯ ಘಾತ, ಅಂದರೆ ಸಹಿಯನ್ನು ಪರೀಕ್ಷಿಸುವಾಗ ಅದನ್ನು ಎಷ್ಟನೇ ಘಾತಕ್ಕೆ ಏರಿಸಬೇಕು ಅನ್ನುವ ಸಂಖ್ಯೆ, ನಾನು 3 ಇಟ್ಟಿದ್ದೆ. 79ರ ಚಕ್ರದ ಉದ್ದ 78, ಅದು 3ರಿಂದ ಭಾಗ ಹೋಗುತ್ತದೆ. ಹಾಗಾದಾಗ ಮೂರು ಬೇರೆ ಬೇರೆ ಸಂಖ್ಯೆಗಳ ಘನ ಒಂದೇ ಶೇಷಕ್ಕೆ ಬಂದು ನಿಲ್ಲುತ್ತವೆ, ಹಿಂದಕ್ಕೆ ಹೋಗುವಾಗ ಯಾವುದಕ್ಕೆ ಹೋಗಬೇಕು ಅಂತಲೇ ತಿಳಿಯಲ್ಲ. 79 ತೆಗೆದು 83 ಹಾಕಿದೆ.

```python
p, q, e = 83, 101, 3
n = p * q
d = pow(e, -1, (p - 1) * (q - 1))
s = pow(250, d, n)
print(n, d, s, pow(s, e, n))
# 8383 5467 6392 250
```

ಏನಾಯಿತು ಅಂದರೆ: 83 × 101 = 8383. ಇದು ಊರಿಗೆಲ್ಲ ಗೊತ್ತಿರಬಹುದು. ಎರಡೂ ಚಕ್ರ ಸೇರಿ 82 × 100 = 8200. ಇದು ಗುಟ್ಟು. ಈಗ 3ರಿಂದ ಗುಣಿಸಿದಾಗ 8200ರ ಸುತ್ತುಗಳ ಮೇಲೆ ಸರಿಯಾಗಿ 1 ಮಿಕ್ಕುವ ಸಂಖ್ಯೆ ಬೇಕು. 3 × 5467 = 16401, ಅಂದರೆ ಎರಡು ಪೂರ್ತಿ ಸುತ್ತು, ಮೇಲೊಂದು. ಹಾಗಾಗಿ 5467ರ ಘಾತಕ್ಕೆ ಏರಿಸಿ, ಆಮೇಲೆ 3ರ ಘಾತಕ್ಕೆ ಏರಿಸಿದರೆ ಹೊರಟ ಜಾಗಕ್ಕೇ ಬರುತ್ತೇವೆ. 5467 ಬ್ಯಾಂಕಿನ ಗುಟ್ಟು. 8383 ಮತ್ತು 3 ಡಬ್ಬದೊಳಗೆ.

ಬ್ಯಾಂಕು "250 6392" ಅಂತ ಕಳಿಸುತ್ತದೆ. ಡಬ್ಬ ಮಾಡುವ ಪರೀಕ್ಷೆಯನ್ನು ಅಪ್ಪ ತಮ್ಮ ದಪ್ಪ ಕ್ಯಾಲ್ಕುಲೇಟರಿನಲ್ಲೇ ಮಾಡಿದರು. 6392 × 6392 = 4,08,57,664. ಇದನ್ನು 8383ರಿಂದ ಭಾಗಿಸಿದರೆ ಶೇಷ 7305. ಅದನ್ನು ಮತ್ತೆ 6392ರಿಂದ ಗುಣಿಸಿದರೆ 4,66,93,560. 8383ರಿಂದ ಭಾಗಿಸಿದರೆ ಶೇಷ 250. ಅಪ್ಪ ಎರಡು ಸಲ ಮಾಡಿ ನೋಡಿದರು. "ಸರಿಯಾಗೇ ಬಂತಲ್ಲೇ" ಅಂದರು. ದಿನಾ ಲೆಕ್ಕ ಮಾಡುವವರಿಗೆ ಇಂಥದ್ದು ತಾವೇ ಮಾಡಿದಾಗ ಮಾತ್ರ ನಂಬಿಕೆ.

ತಮ್ಮ 5000 ಕಳಿಸಿ ಬಾಯಿಗೆ ಬಂದ ಸಹಿ ಹಾಕಿದ. ಡಬ್ಬ ಸುಮ್ಮನಿತ್ತು.

ಅದೇ ರಾತ್ರಿ: 23 ಹೆಜ್ಜೆಯಲ್ಲಿ ಬಿದ್ದ ಬೀಗ

ಊಟಕ್ಕೆ ಕೂತಾಗ ತಮ್ಮ ಹೇಳಿದ: "ಅಕ್ಕಾ, ನಿನ್ನ ಗುಟ್ಟು 5467 ಅಲ್ವಾ?" ನಾನು ಹೇಳಿರಲಿಲ್ಲ. ಅವನು ಮಾಡಿದ್ದು ಇಷ್ಟೇ. 8383ರ ವರ್ಗಮೂಲ ಸುಮಾರು 91. ಒಂದು ಸಂಖ್ಯೆ ಭಾಗ ಆಗುವುದಿದ್ದರೆ ಅದರ ಚಿಕ್ಕ ಗುಣಕ ಅದಕ್ಕಿಂತ ಕೆಳಗೇ ಇರಬೇಕು. 2, 3, 5, 7 ಅಂತ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದ. 23ನೇ ಅವಿಭಾಜ್ಯ 83. ಸಿಕ್ಕಿತು. 83 ಸಿಕ್ಕರೆ 101 ಸಿಕ್ಕಿತು, 8200 ಸಿಕ್ಕಿತು, 5467 ಸಿಕ್ಕಿತು. ಲಿನಕ್ಸ್‌ನಲ್ಲಿ ಇಷ್ಟು ಕಷ್ಟವೂ ಬೇಡ, `factor 8383` ಅಂದರೆ `8383: 83 101` ಅಂತ ಕೊಟ್ಟುಬಿಡುತ್ತದೆ.

ಬೀಗದ ಗಟ್ಟಿತನ ಪೂರ್ತಿ ನಿಂತಿರುವುದು ಇಲ್ಲೇ. ಎರಡು ಅವಿಭಾಜ್ಯ ಗುಣಿಸುವುದು ಸುಲಭ. ಗುಣಲಬ್ಧ ನೋಡಿ ಅವೆರಡನ್ನು ಹುಡುಕುವುದು ಕಷ್ಟ, ಆದರೆ ಸಂಖ್ಯೆ ದೊಡ್ಡದಾಗಿದ್ದರೆ ಮಾತ್ರ. ಎಷ್ಟು ದೊಡ್ಡದು? ಏರಿಸುತ್ತಾ ಹೋದೆವು. 20 ಅಂಕಿಯ ಸಂಖ್ಯೆ, ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯಿತು. 30 ಅಂಕಿ, ಕೆಲವು ಸೆಕೆಂಡು. 97 ಅಂಕಿಗೆ `factor` ಕೈಚೆಲ್ಲಿತು. ಯಾಫು ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿ ತಮ್ಮನ ಗೆಳೆಯನ ಕಂಪ್ಯೂಟರಿನಲ್ಲಿ ಬಿಟ್ಟೆವು. ಊಟ ಮಾಡಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಎರಡೂ ಗುಣಕ ತೆರೆಯ ಮೇಲಿದ್ದವು.

97 ಅಂಕಿಯನ್ನೇ ಯಾಕೆ ಆರಿಸಿದೆ ಅಂದರೆ, ಫ್ರಾನ್ಸಿನ ಚಿಪ್ ಕಾರ್ಡುಗಳ ಬೀಗ ಅಷ್ಟೇ ಉದ್ದ ಇತ್ತು. 1980ರ ದಶಕದಲ್ಲಿ ಆರಿಸಿದ ಸಂಖ್ಯೆ, ಸುಮಾರು 320 ಬಿಟ್. ಆ ಕಾಲಕ್ಕೆ ಅದು ಗಟ್ಟಿಯೇ. ಕಾರ್ಡಿನ ಚಿಪ್ಪಿನಲ್ಲಿ ಬ್ಯಾಂಕಿನ ಸಹಿ, ಅಂಗಡಿಯ ಯಂತ್ರದಲ್ಲಿ ಅದನ್ನು ಪರೀಕ್ಷಿಸುವ ಸಂಖ್ಯೆ. ಬ್ಯಾಂಕಿಗೆ ಫೋನ್ ಮಾಡದೆ ಯಂತ್ರವೇ ಕಾರ್ಡನ್ನು ಒಪ್ಪುತ್ತಿತ್ತು. ಅಂದರೆ ನನ್ನ ಡಬ್ಬದ ಅಣ್ಣ. ಹತ್ತು ಹದಿನೈದು ವರ್ಷದಲ್ಲಿ ಕಂಪ್ಯೂಟರುಗಳು ಬೆಳೆದವು, ಒಡೆಯುವ ಉಪಾಯಗಳೂ ಬೆಳೆದವು, ಸಂಖ್ಯೆ ಮಾತ್ರ ಬೆಳೆಯಲಿಲ್ಲ. ಸರ್ಜ್ ಉಂಪಿಷ್ ಅನ್ನುವ ಎಂಜಿನಿಯರ್ 1990ರ ದಶಕದ ಕೊನೆಗೆ ಅದನ್ನು ಮನೆಯಲ್ಲೇ ಒಡೆದ. ತಾನೇ ಸಹಿ ಹಾಕಿದ ಕಾರ್ಡು ಮಾಡಿ, ಪ್ಯಾರಿಸ್ ಮೆಟ್ರೊದ ಟಿಕೆಟ್ ಯಂತ್ರದಲ್ಲಿ ಟಿಕೆಟ್ ಕೊಂಡು ತೋರಿಸಿದ. ಕಾರ್ಡ್ ಸಂಸ್ಥೆ ಕೇಸು ಹಾಕಿತು. 2000ರ ಫೆಬ್ರವರಿಯಲ್ಲಿ ಅವನಿಗೆ 10 ತಿಂಗಳ ಶಿಕ್ಷೆ ಆಯಿತು, ಜೈಲಿಗೆ ಹೋಗದಂತೆ ಅಮಾನತಿನಲ್ಲಿಟ್ಟು. ಶಿಕ್ಷೆಯೇನೋ ಆಯಿತು, ಆದರೆ 97 ಅಂಕಿಯ ಸಂಖ್ಯೆ ಅದರಿಂದ ಗಟ್ಟಿಯಾಗಲ್ಲ ಅಲ್ವಾ?

ಇದುವರೆಗೆ ಬಹಿರಂಗವಾಗಿ ಒಡೆದು ತೋರಿಸಿದ ಇಂಥ ಸಂಖ್ಯೆಗಳಲ್ಲಿ ಒಂದು 250 ಅಂಕಿಯದು, 2020ರ ಫೆಬ್ರವರಿಯಲ್ಲಿ. ಕಂಪ್ಯೂಟರಿನ ಒಂದೇ ಕೋರ್ ದುಡಿದಿದ್ದರೆ ಸುಮಾರು 2,700 ವರ್ಷ ಬೇಕಾಗುವಷ್ಟು ಲೆಕ್ಕ ಅದು. ಬ್ಯಾಂಕಿನ ಜಾಲತಾಣಗಳಲ್ಲಿ ಸಾಮಾನ್ಯವಾಗಿ ಕಾಣುವ ಆರ್‌ಎಸ್‌ಎ ಸಂಖ್ಯೆ 2048 ಬಿಟ್, ಅಂದರೆ 617 ಅಂಕಿ. ನಾನೂ ಅಲ್ಲಿಗೇ ಹೋಗುವುದು ಅಂತ ತೀರ್ಮಾನಿಸಿದೆ.

ಎರಡನೇ ವಾರ: ದೊಡ್ಡ ಅವಿಭಾಜ್ಯ ಎಲ್ಲಿ ಸಿಗುತ್ತೆ?

617 ಅಂಕಿಯ ಗುಣಲಬ್ಧಕ್ಕೆ 308, 309 ಅಂಕಿಯ ಎರಡು ಅವಿಭಾಜ್ಯ ಬೇಕು. ಇಲ್ಲೊಂದು ತಮಾಷೆ ಇದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಒಡೆಯಲು ಆಗಲ್ಲ ಅನ್ನುವುದರ ಮೇಲೆ ನಾವು ಬೀಗ ಕಟ್ಟುತ್ತಿದ್ದೇವೆ. ಹಾಗಿದ್ದ ಮೇಲೆ ಅದು ಅವಿಭಾಜ್ಯ ಅಂತ ತಿಳಿಯುವುದಾದರೂ ಹೇಗೆ? ಒಡೆದು ನೋಡದೆಯೇ ತಿಳಿಯಬೇಕು. ಅದಕ್ಕೆ ಮತ್ತೆ ಫರ್ಮಾನ ಚಕ್ರವೇ ಗತಿ. ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಶೇಷ 1 ಬರದಿದ್ದರೆ ಆ ಸಂಖ್ಯೆ ಖಂಡಿತ ಅವಿಭಾಜ್ಯ ಅಲ್ಲ. ಗುಣಕ ಯಾವುದು ಅಂತ ಗೊತ್ತಾಗಲ್ಲ, ಆದರೆ ಗುಣಕ ಇದೆ ಅಂತ ಗೊತ್ತಾಗುತ್ತೆ.

1 ಬಂದರೆ? ಅವಿಭಾಜ್ಯ ಅಂದುಕೊಂಡು ನಾನು ಮುಂದೆ ಹೋದೆ. ಸಣ್ಣ ಸಂಖ್ಯೆಗಳ ಮೇಲೆ ಪರೀಕ್ಷೆ ಮಾಡುವಾಗ ನನ್ನ ಪಟ್ಟಿಯಲ್ಲಿ 341 ಬಂದು ಕೂತಿತ್ತು. 341 ಅಂದರೆ 11 × 31. ಅದು ಮೋಸ ಮಾಡುವುದು ಹೇಗೆ ಅಂತ ಕೈಯಲ್ಲೇ ನೋಡಬಹುದು. 2ರ 10ನೇ ಘಾತ 1024, ಅದು 341ರ ಮೂರರಷ್ಟು, ಮೇಲೆ 1. ಅಂದರೆ ಹತ್ತೇ ಹೆಜ್ಜೆಗೆ ಶೇಷ 1. 340 ಅಂದರೆ ಹತ್ತರ 34 ಪಟ್ಟು, ಹಾಗಾಗಿ ಅಲ್ಲೂ 1. ಪರೀಕ್ಷೆ ಪಾಸು.

ಇಂಥ ಕಳ್ಳರನ್ನು ಹಿಡಿಯುವುದು ಮಿಲ್ಲರ್ ಮತ್ತು ರಾಬಿನ್ ಹೆಸರಿನ ಪರೀಕ್ಷೆ. ಅದು ಕೊನೆಯ ಉತ್ತರ ಮಾತ್ರ ನೋಡಲ್ಲ, ದಾರಿಯನ್ನೂ ನೋಡುತ್ತೆ. 340ನ್ನು ಎರಡು ಸಲ ಅರ್ಧ ಮಾಡಿದರೆ 85. 2ರ 85ನೇ ಘಾತದ ಶೇಷ 32 ಬರುತ್ತದೆ. 32ನ್ನು ವರ್ಗ ಮಾಡಿದರೆ 1024, ಅಂದರೆ ಶೇಷ 1. ಅವಿಭಾಜ್ಯದ ಲೋಕದಲ್ಲಿ ವರ್ಗ ಮಾಡಿದಾಗ 1 ಕೊಡುವುದು ಎರಡೇ: 1, ಇಲ್ಲವೇ ಆ ಸಂಖ್ಯೆಗಿಂತ ಒಂದು ಕಡಿಮೆ, ಇಲ್ಲಿ 340. ನಡುವೆ 32 ಹೇಗೆ ಬಂತು? ಸಿಕ್ಕಿಬಿತ್ತು. ನಿಜ ಬಳಕೆಯಲ್ಲಿ 2 ಒಂದರಿಂದಲೇ ಅಲ್ಲ, ಯಾದೃಚ್ಛಿಕವಾಗಿ ಆರಿಸಿದ ಬೇರೆ ಬೇರೆ ಸಂಖ್ಯೆಗಳಿಂದ ಹಲವು ಸಲ ಕೇಳುತ್ತಾರೆ. ಒಂದು ಸುತ್ತಿನಲ್ಲಿ ಸುಳ್ಳು ಸಂಖ್ಯೆ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ನಾನು 40 ಸುತ್ತು ಇಟ್ಟೆ. ಜಾಸ್ತಿಯಾಯಿತು, ಇರಲಿ.

ಆಮೇಲೆ ಹುಡುಕಾಟ. ಈ ಗಾತ್ರದಲ್ಲಿ ಸುಮಾರು 710 ಸಂಖ್ಯೆಗೊಂದು ಅವಿಭಾಜ್ಯ. ಸಮಸಂಖ್ಯೆ ಬಿಟ್ಟರೆ 355ಕ್ಕೊಂದು. ಸುಮ್ನೆ ಒಂದು ದೊಡ್ಡ ಬೆಸಸಂಖ್ಯೆ ಎತ್ತಿಕೊಳ್ಳುವುದು, ಕೇಳುವುದು, ಅಲ್ಲ ಅಂದರೆ ಇನ್ನೊಂದು ಎತ್ತುವುದು. ಮೊದಲನೆಯದು 212ನೇ ಸಲಕ್ಕೆ ಸಿಕ್ಕಿತು. ಎರಡನೆಯದು 640 ದಾಟಿಸಿತು, ಎಲ್ಲೋ ತಪ್ಪಿದ್ದೇನೆ ಅಂದುಕೊಂಡಿದ್ದೆ. ತಪ್ಪಿರಲಿಲ್ಲ. ಪೈ ಮೇಲೂ ಇದು ಸಾಮಾನ್ಯವಾಗಿ ಒಂದು ಲೋಟ ಚಹಾದೊಳಗೆ ಮುಗಿಯುವ ಕೆಲಸ.

ಮೂರನೇ ವಾರ: ಎರಡನೇ ಡಬ್ಬ, ಅದೇ ಅವಿಭಾಜ್ಯ

ಡಬ್ಬವೂ "ಕೇಳಿಸಿತು" ಅಂತ ತನ್ನ ಸಹಿ ಹಾಕಿ ವಾಪಸ್ ಹೇಳಲಿ ಅಂತ ಆಸೆ ಬಂತು. ಹಾಗಾದರೆ ಪ್ರತಿ ಡಬ್ಬಕ್ಕೂ ತನ್ನದೇ ಎರಡು ಅವಿಭಾಜ್ಯ ಬೇಕು. ಗೆಳತಿಯೊಬ್ಬಳಿಂದ ಇನ್ನೊಂದು ಪೈ ತಂದೆ. ಮೊದಲ ಪೈಯ ಮೆಮೊರಿ ಕಾರ್ಡನ್ನು ಹಾಗೇ ನಕಲು ಮಾಡಿ ಅದಕ್ಕೆ ಹಾಕಿದೆ. ಎರಡನ್ನೂ ಆನ್ ಮಾಡಿದರೆ ತಾವೇ ಹೊಸ ಕೀಲಿ ಮಾಡಿಕೊಳ್ಳಬೇಕು. ಮಾಡಿಕೊಂಡವು. ಎರಡು ಪೈಗಳ ಗುಣಲಬ್ಧಗಳೂ ಬೇರೆ ಬೇರೆ, ಎರಡೂ 617 ಅಂಕಿ. ನನಗೆ ಸಮಾಧಾನ.

ತಮ್ಮ ಎರಡನ್ನೂ ಒಟ್ಟಿಗಿಟ್ಟು ಶಾಲೆಯಲ್ಲಿ ಕಲಿತ ಮ.ಸಾ.ಅ. ತೆಗೆದ. ಎರಡು ಬೀಗವೂ ಬಿಚ್ಚಿಕೊಂಡವು.

ಸಣ್ಣ ಸಂಖ್ಯೆಯಲ್ಲಿ ತೋರಿಸುತ್ತೇನೆ. ಒಂದು ಬೀಗ 8383, ಇನ್ನೊಂದು 9379. 9379ರಲ್ಲಿ 8383 ಕಳೆದರೆ 996. 8383ನ್ನು 996ರಿಂದ ಭಾಗಿಸಿದರೆ ಶೇಷ 415. 996ನ್ನು 415ರಿಂದ ಭಾಗಿಸಿದರೆ 166. 415ನ್ನು 166ರಿಂದ ಭಾಗಿಸಿದರೆ 83. 166ನ್ನು 83ರಿಂದ ಭಾಗಿಸಿದರೆ ಶೇಷ ಸೊನ್ನೆ. ಹಾಗಾಗಿ ಎರಡರಲ್ಲೂ 83 ಇದೆ. ಇನ್ನು ಉಳಿದಿದ್ದು ಒಂದೊಂದು ಭಾಗಾಕಾರ: 101 ಮತ್ತು 113. ಒಂದೇ ಸಂಖ್ಯೆಯನ್ನು ಒಡೆಯುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಎರಡು ಸಂಖ್ಯೆಗಳ ಮ.ಸಾ.ಅ. ತೆಗೆಯುವುದು 617 ಅಂಕಿಗೂ ಕ್ಷಣದ ಕೆಲಸ. ಒಂದು ಅವಿಭಾಜ್ಯ ಹಂಚಿಕೊಂಡರೆ ಎರಡೂ ಹೋದವು.

ತಪ್ಪು ಎಲ್ಲಿ? ಯಾದೃಚ್ಛಿಕ ಸಂಖ್ಯೆಗಳನ್ನು ಗಡಿಯಾರದ ಸೆಕೆಂಡಿನಿಂದ ಶುರುಮಾಡಿಸುವ ಈ ಸಾಲಿನಲ್ಲಿ.

```python
random.seed(int(time.time()))
```

ಪೈ 3ರಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ನೆಟ್‌ವರ್ಕ್ ಸಿಗುವ ತನಕ ಅದು ಹಿಂದೆ ಬರೆದಿಟ್ಟ ಸಮಯದಿಂದಲೇ ಎಣಿಸುತ್ತೆ. ಕಾರ್ಡ್ ನಕಲು ಮಾಡಿದ್ದರಿಂದ ಆ ಸಮಯ ಎರಡಕ್ಕೂ ಒಂದೇ. ಎರಡೂ ಅದೇ ಸೆಕೆಂಡಿನಿಂದ ಶುರುಮಾಡಿ, ಅದೇ ಯಾದೃಚ್ಛಿಕ ಸಾಲನ್ನು ಪಡೆದು, ಅದೇ ಮೊದಲ ಅವಿಭಾಜ್ಯಕ್ಕೆ ಬಂದು ನಿಂತವು. ಎರಡನೇ ಅವಿಭಾಜ್ಯಕ್ಕೆ ಮುಂಚೆ ನಾನು ಜಾಣತನ ಮಾಡಿ ನೆಟ್‌ವರ್ಕಿನ ಸಮಯವನ್ನೂ ಸೇರಿಸಿದ್ದೆ, ಹಾಗಾಗಿ ಅದು ಬೇರೆಯಾಯಿತು. ನನ್ನ ಜಾಣತನವೇ ಮ.ಸಾ.ಅ.ಗೆ ದಾರಿ ಮಾಡಿಕೊಟ್ಟಿತು! ಏನೂ ಸೇರಿಸದೇ ಇದ್ದಿದ್ದರೆ ಎರಡು ಬೀಗವೂ ಒಂದೇ ಆಗುತ್ತಿತ್ತು, ಕಣ್ಣಿಗೇ ಕಾಣುತ್ತಿತ್ತು.

ನಾಚಿಕೆಯಾಯಿತು, ಆದರೆ ಈ ಗುಂಡಿಗೆ ಬಿದ್ದವಳು ನಾನೊಬ್ಬಳೇ ಅಲ್ಲ. 2012ರಲ್ಲಿ ಎರಡು ಸಂಶೋಧಕರ ತಂಡಗಳು ಇಂಟರ್ನೆಟ್ಟಿನಲ್ಲಿ ಸಿಗುವ ಲಕ್ಷಾಂತರ ಸಾರ್ವಜನಿಕ ಕೀಲಿಗಳನ್ನು, ಅಂದರೆ ನನ್ನ 8383ರಂಥ ಸಂಖ್ಯೆಗಳನ್ನು, ಒಟ್ಟುಹಾಕಿ ಹೀಗೇ ಮ.ಸಾ.ಅ. ತೆಗೆದು ನೋಡಿದ್ದವು. ಅವುಗಳಲ್ಲಿ ನಾದಿಯಾ ಹೆನಿಂಜರ್ ಮತ್ತು ಸಂಗಡಿಗರ ತಂಡಕ್ಕೆ, ಸುರಕ್ಷಿತ ಸಂಪರ್ಕ ಕೊಡುವ ಯಂತ್ರಗಳಲ್ಲಿ 0.5% ಯಂತ್ರಗಳ ಗುಟ್ಟಿನ ಕೀಲಿ ಸಿಕ್ಕಿಬಿಟ್ಟಿತ್ತು. ಹೆಚ್ಚಿನವು ರೌಟರಿನಂಥ ಸಣ್ಣ ಪೆಟ್ಟಿಗೆಗಳು. ಮೊದಲ ಸಲ ಆನ್ ಆದ ಕೂಡಲೇ, ಒಳಗೆ ಸಾಕಷ್ಟು ಯಾದೃಚ್ಛಿಕತೆ ಸೇರುವ ಮೊದಲೇ, ಅವಿಭಾಜ್ಯ ಆರಿಸಿಕೊಂಡಿದ್ದವು. ನನ್ನ ಚಪ್ಪಲಿ ಡಬ್ಬಿಯ ಕಥೆಯೇ.

ರಿಪೇರಿ ಎರಡು ಸಾಲು.

```python
import secrets
x = secrets.randbits(1024) | (3 << 1022) | 1
```

`secrets` ಆಪರೇಟಿಂಗ್ ಸಿಸ್ಟಮ್ ಕೂಡಿಟ್ಟ ಯಾದೃಚ್ಛಿಕತೆಯಿಂದ ತೆಗೆದುಕೊಳ್ಳುತ್ತದೆ, ಗಡಿಯಾರವನ್ನು ಕೇಳಲ್ಲ. ಕೊನೆಯ 1 ಸಂಖ್ಯೆಯನ್ನು ಬೆಸ ಮಾಡುತ್ತೆ. ನಡುವಿನದು ಮೇಲಿನ ಎರಡು ಬಿಟ್‌ಗಳನ್ನು 1 ಮಾಡುತ್ತೆ. ಅದಿಲ್ಲದಿದ್ದರೆ ಗುಣಲಬ್ಧ ಕೆಲವೊಮ್ಮೆ 2048ಕ್ಕಿಂತ ಕಡಿಮೆ ಬಿಟ್‌ಗೆ ನಿಂತುಬಿಡುತ್ತೆ. ಕಾರ್ಡ್ ನಕಲು ಮಾಡುವ ಮುಂಚೆ ಹಳೆಯ ಕೀಲಿ ಅಳಿಸುವುದನ್ನೂ ಪಟ್ಟಿಗೆ ಬರೆದುಕೊಂಡೆ.

ನಾಲ್ಕನೇ ಶನಿವಾರ: ಸಾವಿರ ರೂಪಾಯಿಗೆ ಹತ್ತು

ಈಗ ಅವಿಭಾಜ್ಯಗಳು ದೊಡ್ಡವು, ಬೇರೆ ಬೇರೆ, ಚೆನ್ನಾಗಿ ಆರಿಸಿದ್ದು. ಮುಗಿಯಿತು ಅಂತ ಡಬ್ಬಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದೆ. ತಮ್ಮ ಬಂದು ಹೊಡೆದ.

```
echo "1000 10" | nc -u -w1 192.168.1.40 5005
```

"ಒಂದು ಸಾವಿರ ರೂಪಾಯಿ ಬಂದಿದೆ."

ಕೀಲಿ ಕದ್ದಿರಬೇಕು ಅಂದುಕೊಂಡೆ. "ಇಲ್ಲ ಮಾರಾಯ್ತಿ, ಲೆಕ್ಕ ಮಾಡಿ ನೋಡು" ಅಂದ. 10ರ ಘನ ಎಷ್ಟು? 1000. ಡಬ್ಬ ಸಹಿಯ ಘನ ತೆಗೆಯುತ್ತೆ, 617 ಅಂಕಿಯ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುತ್ತೆ. 1000ಕ್ಕೆ ಭಾಗಿಸುವ ಪ್ರಶ್ನೆಯೇ ಇಲ್ಲ, ಅದು ಹಾಗೇ ಉಳಿಯುತ್ತೆ. ಮೊತ್ತಕ್ಕೆ ಸರಿಹೊಂದಿತು. 8000ಕ್ಕೆ 20, 27000ಕ್ಕೆ 30. ಅವಿಭಾಜ್ಯಗಳನ್ನು ಮುಟ್ಟಲೇ ಇಲ್ಲ, ಬಾಗಿಲ ಪಕ್ಕದ ಕಿಟಕಿಯಿಂದ ಬಂದ. ಹಳೆಯ 8383 ಬೀಗದಲ್ಲೂ ಈ ಕಿಟಕಿ ಇತ್ತು, ಯಾರೂ ನೋಡಿರಲಿಲ್ಲ ಅಷ್ಟೇ.

ಮೊತ್ತಕ್ಕೇ ನೇರವಾಗಿ ಸಹಿ ಹಾಕಬಾರದು. ಮೊದಲು ಸಂದೇಶವನ್ನು ಹ್ಯಾಶ್ ಮಾಡಬೇಕು, ಅಂದರೆ ಅದನ್ನು ಅರೆದು ಹಿಂದೆ ಹೋಗಲಾಗದ ಒಂದು ದೊಡ್ಡ ಸಂಖ್ಯೆ ಮಾಡಬೇಕು. ಆಮೇಲೆ ಅದರ ಸುತ್ತ ನಿಯಮದ ಪ್ರಕಾರ ತುಂಬಿಸಿ, ಪೂರ್ತಿ 2048 ಬಿಟ್ ಆದ ಮೇಲೆ ಸಹಿ. ಆಗ ಯಾವ ಸಣ್ಣ ಸಂಖ್ಯೆಯ ಘನವೂ ಅದಕ್ಕೆ ಹೊಂದಲ್ಲ. ಘಾತ 3ನ್ನೂ ಬಿಟ್ಟು ಎಲ್ಲರೂ ಬಳಸುವ 65537 ಹಾಕಿದೆ. ಅದೂ ಅವಿಭಾಜ್ಯವೇ. ಇದನ್ನು ಕೈಯಲ್ಲಿ ಬರೆಯುವ ಹಟ ಬಿಟ್ಟೆ. ಪೈಥಾನಿನ `cryptography` ಲೈಬ್ರರಿಯಲ್ಲಿ ಪರೀಕ್ಷೆ ಹೀಗೆ:

```python
pub.verify(sig, msg,
    padding.PSS(mgf=padding.MGF1(hashes.SHA256()),
                salt_length=padding.PSS.MAX_LENGTH),
    hashes.SHA256())
```

ಹೊಂದದಿದ್ದರೆ `InvalidSignature` ಅಂತ ಎಸೆಯುತ್ತೆ, ಡಬ್ಬ ಕೂಗಲ್ಲ. ಸಂದೇಶವೂ ಈಗ ಬರೀ 250 ಅಲ್ಲ, `DABBA1 000143 250`. ನಡುವಿನದು ಕ್ರಮಸಂಖ್ಯೆ. ಅದಿಲ್ಲದಿದ್ದರೆ ತಮ್ಮ ಒಂದು ಸರಿಯಾದ ಸಂದೇಶವನ್ನು ಹಿಡಿದಿಟ್ಟುಕೊಂಡು ಹತ್ತು ಸಲ ಕಳಿಸುತ್ತಿದ್ದ. ಅದನ್ನೂ ಮಾಡಿದ್ದ.

ಭಾನುವಾರ: ನಿಜವಾದ ಬ್ಯಾಂಕು ಏನು ಇಟ್ಟಿದೆ ನೋಡೋಣ

ಕೊನೆಗೆ ಅಪ್ಪನ ಬ್ಯಾಂಕಿನ ಜಾಲತಾಣದ ಪ್ರಮಾಣಪತ್ರ ತೆಗೆದು ತೋರಿಸಿದೆ. ನೀವೂ ನೋಡಬಹುದು, `example.com` ಇರುವ ಜಾಗದಲ್ಲಿ ನಿಮ್ಮ ಬ್ಯಾಂಕಿನ ವಿಳಾಸ ಹಾಕಿ.

```
openssl s_client -connect example.com:443 </dev/null \
  | openssl x509 -noout -text
```

`Public-Key: (2048 bit)`, ಅದರ ಕೆಳಗೆ `Modulus` ಅಂತ ಸಾಲು ಸಾಲು ಅಕ್ಷರ, ಕೊನೆಗೆ `Exponent: 65537 (0x10001)` ಕಂಡರೆ ಅದು ನನ್ನ ಡಬ್ಬದ ಜಾತಿಯೇ. ಆ ಸಾಲು ಸಾಲು ಅಕ್ಷರಗಳೇ ಅವರ 8383. ಅದರ 83 ಮತ್ತು 101 ಬ್ಯಾಂಕಿನ ಕಡೆಯಿಂದ ಹೊರಗೆ ಬರಬಾರದು. ಇದನ್ನು ಬಳಸುವುದೂ ಸಹಿಗೇ: "ನೀನು ಮಾತಾಡುತ್ತಿರುವುದು ನಿಜವಾಗಿ ಈ ಬ್ಯಾಂಕಿನ ಜೊತೆಗೇ" ಅಂತ ನಿಮ್ಮ ಬ್ರೌಸರಿಗೆ ಖಾತ್ರಿ ಕೊಡಲು. ಪಾಸ್‌ವರ್ಡ್, ಕಾರ್ಡ್ ನಂಬರ್ ಮುಚ್ಚಿಡುವ ಕೀಲಿಯನ್ನು ಈಗಿನ ವ್ಯವಸ್ಥೆಗಳಲ್ಲಿ ಪ್ರತಿ ಸಂಪರ್ಕಕ್ಕೂ ಹೊಸದಾಗಿ, ಬೇರೆ ಲೆಕ್ಕದಿಂದ ಮಾಡಿಕೊಳ್ಳುತ್ತಾರೆ.

ಕೆಲವು ತಾಣಗಳಲ್ಲಿ 2048 ಕಾಣಲ್ಲ, 256 ಬಿಟ್ ಅಂತ ಇರುತ್ತೆ. ತಮ್ಮ ಅದನ್ನು ನೋಡಿ ಕಣ್ಣರಳಿಸಿದ, 97 ಅಂಕಿಗಿಂತ ಸಣ್ಣದು ಸಿಕ್ಕಿತು ಅಂತ. ಆದರೆ ಅದು ಎರಡು ಅವಿಭಾಜ್ಯಗಳ ಗುಣಲಬ್ಧ ಅಲ್ಲ, ದೀರ್ಘವೃತ್ತೀಯ ವಕ್ರರೇಖೆಯ ಲೆಕ್ಕ. ಅಲ್ಲಿ ಒಡೆಯುವುದಕ್ಕೆ ಏನೂ ಇಲ್ಲ. ಒಂದೇ ಅವಿಭಾಜ್ಯ, ಅದೂ ಎಲ್ಲರಿಗೂ ಗೊತ್ತಿರುವಂಥದ್ದು, 2^256 − 2^224 + 2^192 + 2^96 − 1. ಎಲ್ಲ ಲೆಕ್ಕವೂ ಅದರಿಂದ ಭಾಗಿಸಿದ ಶೇಷದಲ್ಲೇ ನಡೆಯುತ್ತೆ. ಪ್ರಮಾಣಪತ್ರದಲ್ಲೇ ಅದರ ಹೆಸರು ಇರುತ್ತದೆ: `prime256v1`.

ಡಬ್ಬ ಈಗ ಅಂಗಡಿಯ ಮೇಲಿನ ಗೂಡಿನಲ್ಲಿದೆ. ಒಂದು ಕೆಲಸ ಬಾಕಿ. ಕರೆಂಟ್ ಹೋಗಿ ಬಂದರೆ ಕೊನೆಯ ಕ್ರಮಸಂಖ್ಯೆ ಮರೆತುಬಿಡುತ್ತೆ, ಹಳೆಯ ಸಂದೇಶಗಳನ್ನೆಲ್ಲ ಮತ್ತೆ ಒಪ್ಪುತ್ತೆ. ಮಳೆಗಾಲ ಶುರುವಾಗುವ ಮುಂಚೆ ಅದನ್ನು ಕಾರ್ಡಿಗೆ ಬರೆದಿಡುವ ಹಾಗೆ ಮಾಡಬೇಕು. ನಮ್ಮೂರಿನ ಕರೆಂಟಿನ ಕಥೆ ತಮ್ಮನಿಗೂ ಗೊತ್ತು.